ಮಳೆಗಾಲದ ಸುತ್ತೋಲೆ: ತಿದ್ದಿದ ಪ್ರತಿ, ಕಾರಣಗಳ ಜೊತೆ

ಚೇತನ್,

ನಮ್ಮ ಸಂಘದ ಪರವಾಗಿ ನೀವು ಬೋಟ್ ಮಾಲೀಕರಿಗೆ ಬರೆದ ಸುತ್ತೋಲೆ ನೋಡಿದೆ. ~~ಗೀಟು ಹಾಕಿದ್ದು~~ ತೆಗೆದದ್ದು, ಅದರ ನಂತರ ಇರುವುದು ನಾನು ಸೇರಿಸಿದ್ದು. ಪ್ರತಿಯೊಂದರ ಕೆಳಗೆ ಕಾರಣ ಬರೆದಿದ್ದೇನೆ. ಸುಮ್ನೆ ತಿದ್ದಿ ಕಳಿಸಿದರೆ ಈ ಸುತ್ತೋಲೆ ಸರಿಯಾಗುತ್ತದೆ, ಮುಂದಿನದ್ದು ಆಗುವುದಿಲ್ಲ. ಹಾಗಾಗಿ ಕಾರಣಗಳನ್ನೂ ನಿಧಾನವಾಗಿ ಓದಿ.

ಒಂದು ಮಾತು ಮೊದಲೇ ಹೇಳುತ್ತೇನೆ. ಈ ಕಾಗದವನ್ನು ಜನ ಮಲ್ಪೆ ದಕ್ಕೆಯಲ್ಲಿ ನಿಂತುಕೊಂಡು ಓದುತ್ತಾರೆ. ಒಂದು ಕೈಯಲ್ಲಿ ಫೋನ್, ಹಿಂದೆ ಮೀನು ಇಳಿಸುವ ಗಲಾಟೆ. ಯಾರು, ಏನು, ಯಾವಾಗ ಮಾಡಬೇಕು ಅನ್ನುವುದು ಒಂದೇ ಓದಿಗೆ ಸಿಗಬೇಕು.

ತಲೆಬರಹ

~~ಮಾನ್ಯ ಸದಸ್ಯರ ಗಮನಕ್ಕೆ ಈ ಮೂಲಕ ತಿಳಿಯಪಡಿಸುವುದೇನೆಂದರೆ~~
ಯಾಂತ್ರೀಕೃತ ಬೋಟುಗಳಿಗೆ ಮೀನುಗಾರಿಕೆ ನಿಷೇಧ: ಜೂನ್ 1ರಿಂದ ಜುಲೈ 31

ಕಾರಣ: ನಿಮ್ಮ ತಲೆಬರಹ ಯಾವ ಸುತ್ತೋಲೆಗೂ ಆಗುತ್ತದೆ. ವಿಷಯ ಮತ್ತು ದಿನಾಂಕ ಮೇಲೆಯೇ ಇದ್ದರೆ, ಉಳಿದದ್ದು ಓದದವರಿಗೂ ಮುಖ್ಯ ಸಂಗತಿ ಮುಟ್ಟುತ್ತದೆ.

ಮೊದಲ ಸಾಲು

~~ಪ್ರತಿ ವರ್ಷದಂತೆ ಈ ವರ್ಷವೂ ಸಹ ಸರ್ಕಾರದ ಆದೇಶದಂತೆ ಮಳೆಗಾಲದಲ್ಲಿ ಸುಮಾರು ಎರಡು ತಿಂಗಳ ಕಾಲ ಮೀನುಗಾರಿಕೆಯನ್ನು ನಿಷೇಧಿಸಲಾಗಿರುತ್ತದೆ.~~
ಜೂನ್ 1ರಿಂದ ಜುಲೈ 31ರವರೆಗೆ, ಒಟ್ಟು 61 ದಿನ, ಯಾಂತ್ರೀಕೃತ ಬೋಟುಗಳು ಕಡಲಿಗೆ ಇಳಿಯುವಂತಿಲ್ಲ.

ಕಾರಣ: ಇಲ್ಲಿ ಭಾಷೆಗಿಂತ ದೊಡ್ಡ ತಪ್ಪು ಇರುವುದು ವಿಷಯದಲ್ಲಿ. "ಮೀನುಗಾರಿಕೆಯನ್ನು ನಿಷೇಧಿಸಲಾಗಿರುತ್ತದೆ" ಅಂದರೆ ನಾಡದೋಣಿಯವರೂ ಅದರಲ್ಲಿ ಬಂದುಬಿಟ್ಟರು. ಸಾಂಪ್ರದಾಯಿಕ ನಾಡದೋಣಿಗಳಿಗೆ ಮಳೆಗಾಲದಲ್ಲೇ ಕಸುಬು. ಅವರು ಇದನ್ನು ಓದಿ ಕಚೇರಿಗೆ ಬಂದು ಕೇಳಿದರೆ ನಮ್ಮ ಹತ್ತಿರ ಉತ್ತರ ಇರುವುದಿಲ್ಲ. ನಿಷೇಧ ಯಾರಿಗೆ ಅನ್ನುವುದನ್ನು ಮೊದಲ ಸಾಲಿನಲ್ಲೇ ಹೇಳಬೇಕು.

"ಸುಮಾರು" ಯಾಕೆ? ಜೂನ್ 30, ಜುಲೈ 31, ಕೂಡಿದರೆ 61. ಗೊತ್ತಿರುವ ಲೆಕ್ಕಕ್ಕೆ "ಸುಮಾರು" ಹಾಕಿದರೆ ಓದುವವರಿಗೆ ಸಂಶಯ ಬರುತ್ತದೆ. "ವರ್ಷವೂ" ಅಂದ ಮೇಲೆ "ಸಹ" ಬೇಡ, ಎರಡೂ ಒಂದೇ ಕೆಲಸ ಮಾಡುತ್ತವೆ.

ಎರಡನೇ ಸಾಲು

ಇದು ಮೀನುಗಳು ಮೊಟ್ಟೆ ಇಡುವ ~~ಕಾಲವಾದುದರಿಂದ ಸಂತತಿಯ ಅಭಿವೃದ್ದಿಯ ದೃಷ್ಟಿಯಿಂದ ಸದರಿ ಕ್ರಮ ಅವಶ್ಯವಿರುತ್ತದೆ~~ ಕಾಲ. ಈಗ ಬಿಟ್ಟರೆ ಮುಂದಿನ ಸೀಸನ್ನಿಗೆ ಮೀನು ಉಳಿಯುತ್ತದೆ.

ಕಾರಣ: ನಿಮ್ಮ ಸಾಲಿನ ಮೊದಲರ್ಧ ಚೆನ್ನಾಗಿತ್ತು, ಹಾಗೇ ಇಟ್ಟೆ. "ಅಭಿವೃದ್ಧಿ" ಬರೆಯುವಾಗ ಒತ್ತಕ್ಷರ ಮಹಾಪ್ರಾಣ: ದಕಾರಕ್ಕೆ ಧಕಾರದ ಒತ್ತು. ಶುದ್ಧ, ಸಿದ್ಧ, ಬದ್ಧ, ವೃದ್ಧಿ ಎಲ್ಲ ಇದೇ ಗುಂಪು. ಹಿಂದಿನ ಕಾಗದದಲ್ಲಿ "ವಿಧ್ಯಾರ್ಥಿ ವೇತನ" ಅಂತ ಬರೆದಿದ್ದಿರಿ, ಅಲ್ಲಿ ಉಲ್ಟಾ: "ವಿದ್ಯಾ" ಅಲ್ಪಪ್ರಾಣ. ಈ ಐದಾರು ಶಬ್ದ ಒಂದು ಚೀಟಿಯಲ್ಲಿ ಬರೆದು ಕಂಪ್ಯೂಟರಿಗೆ ಅಂಟಿಸಿಕೊಳ್ಳಿ.

ಮೂರನೇ ಸಾಲು

~~ಬೋಟುಗಳನ್ನು ಮೇ ತಿಂಗಳ ಅಂತ್ಯದ ಒಳಗಾಗಿ ದಕ್ಕೆಗೆ ತರತಕ್ಕದ್ದು.~~
ಮೇ 31ರ ರಾತ್ರಿ 12 ಗಂಟೆಯೊಳಗೆ ನಿಮ್ಮ ಬೋಟು ಬಂದರಿನ ಒಳಗೆ ಇರಬೇಕು. ಕೊನೆಯ ಟ್ರಿಪ್ಪಿಗೆ ಹೊರಡುವ ಮೊದಲೇ ತಂಡೇಲರಿಗೆ ಈ ದಿನಾಂಕ ತಿಳಿಸಿ.

ಕಾರಣ: ಆಳಸಮುದ್ರಕ್ಕೆ ಹೋದ ಬೋಟು ವಾರಕ್ಕಿಂತ ಜಾಸ್ತಿ ಕಡಲಲ್ಲೇ ಇರಬಹುದು. ತಂಡೇಲರು ವಾಪಸ್ ಬರಬೇಕಾದ ದಿನದಿಂದ ಹಿಂದಕ್ಕೆ ಲೆಕ್ಕ ಹಾಕುತ್ತಾರೆ. ಅವರಿಗೆ "ಅಂತ್ಯದ ಒಳಗಾಗಿ" ಸಾಕಾಗುವುದಿಲ್ಲ, ಗಂಟೆ ಬೇಕು. ಎರಡನೇ ವಾಕ್ಯ ನಾನೇ ಸೇರಿಸಿದೆ. ಸುತ್ತೋಲೆ ಮಾಲೀಕರ ಕೈಗೆ ಬರುತ್ತದೆ, ಬೋಟು ಇರುವುದು ತಂಡೇಲರ ಕೈಯಲ್ಲಿ.

ನಾಲ್ಕನೇ ಸಾಲು

~~ಕಾರ್ಮಿಕರು ಊರಿಗೆ ಹೋಗುವ ಮುನ್ನ ಮಾಲೀಕರು ಅವರ ಲೆಕ್ಕ ಚುಕ್ತಾ ಮಾಡಿ ಅವರ ಸಹಿ ಪಡೆದು ಅವರ ಗುರುತಿನ ಚೀಟಿಯನ್ನು ಅವರಿಗೆ ನೀಡತಕ್ಕದ್ದು.~~
ಕಲಾಸಿಗಳು ಊರಿಗೆ ಹೊರಡುವ ಮೊದಲು ಲೆಕ್ಕ ಚುಕ್ತಾ ಮಾಡಿ. ಲೆಕ್ಕದ ಪುಸ್ತಕದಲ್ಲಿ ಕಲಾಸಿಯ ಸಹಿ ಹಾಕಿಸಿ. ಅವರ ಮೂಲ ಗುರುತಿನ ಚೀಟಿ ನಿಮ್ಮ ಹತ್ತಿರ ಇದ್ದರೆ ವಾಪಸ್ ಕೊಡಿ.

ಕಾರಣ: ನಿಮ್ಮ ವಾಕ್ಯದಲ್ಲಿ "ಅವರ" ಮತ್ತು "ಅವರಿಗೆ" ಸೇರಿ ನಾಲ್ಕು ಸಲ ಬಂದಿದೆ. ಗಟ್ಟಿಯಾಗಿ ಓದಿ ನೋಡಿ. ಎರಡನೆಯ "ಅವರ" ಯಾರು? ಮಾಲೀಕರ ಸಹಿಯೋ, ಕಲಾಸಿಯ ಸಹಿಯೋ? ಚೀಟಿ ಯಾರದ್ದು, ಯಾರಿಗೆ? ಬರೆದವರಿಗೆ ಗೊತ್ತಿರುವುದರಿಂದ ಬರೆಯುವಾಗ ತೊಡಕು ಕಾಣಿಸುವುದಿಲ್ಲ. ಒಂದೇ ವಾಕ್ಯದಲ್ಲಿ ಇಬ್ಬರು ವ್ಯಕ್ತಿಗಳಿದ್ದರೆ ಒಬ್ಬರನ್ನು "ನೀವು" ಮಾಡಿ, ಇನ್ನೊಬ್ಬರನ್ನು ಹೆಸರಿಟ್ಟು ಕರೆಯಿರಿ. ಸುತ್ತೋಲೆ ಓದುವವರು ಮಾಲೀಕರೇ, ಅವರ ಜೊತೆ ನೇರವಾಗಿ ಮಾತಾಡಬಹುದು ಅಲ್ವಾ?

ಈ ಸಾಲಿನ ಬಗ್ಗೆ ನನಗೆ ಜಾಸ್ತಿ ಕಾಳಜಿ ಇದೆ. ಭಟ್ಕಳ, ಹೊನ್ನಾವರದಿಂದಲೂ ಒಡಿಶಾದಿಂದಲೂ ಬಂದ ಹುಡುಗರು ಮನೆಗೆ ಹೋಗುವ ಹೊತ್ತು ಇದು. ಅವರಿಗೆ ಹಣ, ಕಾಗದ ಎರಡೂ ಸಿಗಬೇಕು. ವಾಕ್ಯ ಗೋಜಲಾಗಿದ್ದರೆ ಆ ಗೋಜಲಿನ ಲಾಭ ಅವರಿಗಂತೂ ಆಗುವುದಿಲ್ಲ.

ಐದನೇ ಸಾಲು

~~ನಿಷೇಧ ಉಲ್ಲಂಘಿಸಿದ ಅಪರಾಧಿಗಳ ಮೇಲೆ ಕಠಿಣ ಕ್ರಮ ಕೈಗೊಳ್ಳಲಾಗುವುದು.~~
ನಿಷೇಧ ಮುರಿದ ಬೋಟಿನ ಮೇಲೆ ಮೀನುಗಾರಿಕಾ ಇಲಾಖೆ 1986ರ ಕರ್ನಾಟಕ ಕಡಲ ಮೀನುಗಾರಿಕೆ (ನಿಯಂತ್ರಣ) ಕಾಯ್ದೆಯ ಪ್ರಕಾರ ಕ್ರಮ ಕೈಗೊಳ್ಳುತ್ತದೆ.

ಕಾರಣ: "ಕೈಗೊಳ್ಳಲಾಗುವುದು" ಅಂದರೆ ಯಾರು? ಸುತ್ತೋಲೆ ನಮ್ಮದಾದ್ದರಿಂದ ಸಂಘವೇ ಅಂತ ಅನಿಸುತ್ತದೆ. ಕ್ರಮ ತೆಗೆದುಕೊಳ್ಳುವ ಅಧಿಕಾರ ನಮಗಿಲ್ಲ, ಇಲಾಖೆಗಿದೆ. ಮತ್ತೆ, ನಮ್ಮ ಸದಸ್ಯರನ್ನು ನಾವೇ "ಅಪರಾಧಿಗಳು" ಅನ್ನಬಾರದು. ಅದನ್ನು ತೀರ್ಮಾನ ಮಾಡುವವರು ಬೇರೆ. "ಲಾಗುವುದು", "ಲಾಗಿದೆ" ಬಂದ ಕಡೆಯಲ್ಲೆಲ್ಲ ನಿಂತು "ಯಾರಿಂದ?" ಅಂತ ಕೇಳಿಕೊಳ್ಳಿ.

ಆರನೇ ಸಾಲು

~~ಈ ಅವಧಿಯಲ್ಲಿ ಬೋಟ್ ರಿಪೇರಿ, ಬಲೆ ರಿಪೇರಿ, ಇಂಜಿನ್ ಕೆಲಸಗಳನ್ನು ಮಾಡಿಸಿಕೊಳ್ಳುವುದು ಉತ್ತಮ.~~

ಕಾರಣ: ಬೋಟಿನವರಿಗೆ ಇದನ್ನು ನಾವು ಹೇಳಿಕೊಡಬೇಕಾಗಿಲ್ಲ.

ಏಳನೇ ಸಾಲು

~~ಅಗಸ್ಟ್ ಒಂದರಂದು ಹೊರಡುವಾಗ ಲೈಫ್ ಜಾಕೆಟ್, ವಯರ್‌ಲೆಸ್, ರಿಜಿಸ್ಟ್ರೇಷನ್, ಲೈಸೆನ್ಸ್ ಇತ್ಯಾದಿ ಇರತಕ್ಕದ್ದು.~~
ಆಗಸ್ಟಿನಲ್ಲಿ ಮೊದಲ ಸಲ ಹೊರಡುವಾಗ ಬೋಟಿನಲ್ಲಿ ಎಷ್ಟು ಜನವೋ ಅಷ್ಟು ಲೈಫ್ ಜಾಕೆಟ್ ಮತ್ತು ಕೆಲಸ ಮಾಡುವ ವಯರ್‌ಲೆಸ್ ಇರಬೇಕು. ಬೋಟಿನ ನೋಂದಣಿ ಪತ್ರ, ಲೈಸೆನ್ಸ್, ಎಲ್ಲರ ಗುರುತಿನ ಚೀಟಿ ಜೊತೆಗಿರಲಿ.

ಕಾರಣ: ತಪಾಸಣೆಗೆ ಬಂದವರು ಕೇಳುವ ವಸ್ತುಗಳ ಪಟ್ಟಿಯಲ್ಲಿ "ಇತ್ಯಾದಿ" ಇರಬಾರದು. ಬೇಕಾದದ್ದನ್ನೆಲ್ಲ ಬರೆಯಿರಿ. "ಲೈಫ್ ಜಾಕೆಟ್" ಅಂತ ಮಾತ್ರ ಇದ್ದರೆ ಎರಡು ಇದ್ದರೂ ಸಾಕು ಅಂತ ಓದಬಹುದು. "ಒಂದರಂದು" ತೆಗೆದದ್ದಕ್ಕೂ ಕಾರಣ ಇದೆ: ಗಾಳಿ ಮಳೆ ಜೋರಿದ್ದರೆ ಅವತ್ತೇ ಯಾರೂ ಹೊರಡುವುದಿಲ್ಲ. "ಅಗಸ್ಟ್" ಅಲ್ಲ, "ಆಗಸ್ಟ್".

ಕೊನೆಯ ಸಾಲು

ಸಮುದ್ರ ಪೂಜೆಯ ದಿನವನ್ನು ನಾವು ನಿಮಗೆ ಮುಂಚಿತವಾಗಿ ತಿಳಿಸುತ್ತೇವೆ.

ಇದನ್ನು ಮುಟ್ಟಿಲ್ಲ. ಯಾರು ತಿಳಿಸುತ್ತಾರೆ, ಯಾರಿಗೆ, ಏನನ್ನು, ಎಲ್ಲ ಇದೆ. ಈ ಒಂದು ಸಾಲನ್ನು ಬರೆದ ಹಾಗೆಯೇ ಉಳಿದದ್ದನ್ನೂ ಬರೆಯಲು ನಿಮಗೆ ಬರುತ್ತದೆ. ಸುತ್ತೋಲೆ ಅಂದ ಕೂಡಲೇ ಭಾಷೆ ಬಿಗಿಯಾಗಬೇಕು ಅಂದುಕೊಂಡದ್ದರಿಂದ ಮೇಲಿನ ಸಾಲುಗಳು ಹಾಗಾದವು ಅಂತ ನನಗನಿಸುತ್ತದೆ.

ಹೊಸ ಪ್ರತಿಯನ್ನು ನನ್ನ ತಿದ್ದುಪಡಿ ನಕಲು ಮಾಡದೆ, ಇದನ್ನು ಮುಚ್ಚಿಟ್ಟು ನೀವೇ ಬರೆಯಿರಿ. ಆಮೇಲೆ ಎರಡನ್ನೂ ಪಕ್ಕ ಇಟ್ಟು ನೋಡುವ. ಎಲ್ಲಾದರೂ ನನ್ನದಕ್ಕಿಂತ ನಿಮ್ಮ ಸಾಲು ಒಳ್ಳೆಯದಿದ್ದರೆ ಅದೇ ಇರಲಿ. ಒಪ್ಪದ ಕಡೆ ನೀವೂ ಪಕ್ಕದಲ್ಲಿ ಕಾರಣ ಬರೆಯಿರಿ. ಅಚ್ಚಿಗೆ ಕೊಡುವ ಮೊದಲು ಈ ವರ್ಷದ ಆದೇಶದ ಪ್ರತಿ ಫೈಲಿನಿಂದ ತೆಗೆದು, ದಿನಾಂಕಗಳನ್ನು ಅದರ ಜೊತೆ ಒಂದೊಂದಾಗಿ ತಾಳೆ ನೋಡಿ. ಸೋಮವಾರ ಬೆಳಿಗ್ಗೆ ನನ್ನ ಮೇಜಿನ ಮೇಲೆ ಇಡಿ.

ವಿನಯಾ