ವಿಷಯ: ಇಂಗುಗುಂಡಿ ಯೋಜನೆಯ ಆಯವ್ಯಯ ಪರಿಷ್ಕರಣೆಗೆ ಅನುಮೋದನೆ ಕೋರಿ

ಮಾನ್ಯರೇ,

ತಾವು 6,00,000 ರೂಪಾಯಿ ಮಂಜೂರು ಮಾಡಿರುವ ತೀರ್ಥಹಳ್ಳಿ ತಾಲ್ಲೂಕಿನ ಇಂಗುಗುಂಡಿ ಯೋಜನೆಯಲ್ಲಿ 40 ಗುಂಡಿಗಳ ಪೈಕಿ 22 ಪೂರ್ಣಗೊಂಡಿವೆ.

ಮಳೆಗಾಲದಲ್ಲಿ ಗುಡ್ಡದ ಮಣ್ಣುರಸ್ತೆ ಕುಸಿದು ಲಾರಿ ಹೋಗದಂತಾದ್ದರಿಂದ ಜಲ್ಲಿ, ಮರಳುಗಳನ್ನು ಬಾಡಿಗೆ ಜೀಪಿನಲ್ಲಿ ಹಲವು ಸುತ್ತು ಸಾಗಿಸಬೇಕಾಗಿ ಬಂದು, ಸಾಗಣೆ ವೆಚ್ಚವು 60,000 ರೂಪಾಯಿಗಳಿಂದ 1,05,000 ರೂಪಾಯಿಗಳಿಗೆ ಏರಲಿದೆ. ಮಲೆನಾಡಿನ ಮಳೆಯನ್ನು ಬಲ್ಲ ನಾವು ಇದನ್ನು ಮೊದಲೇ ಅಂದಾಜಿಸಬೇಕಿತ್ತು ಎಂಬುದನ್ನು ಒಪ್ಪಿಕೊಳ್ಳುತ್ತೇವೆ.

ಗ್ರಾಮಸ್ಥರು ಸಭಾಭವನವನ್ನು ಉಚಿತವಾಗಿ ನೀಡಿ, ಊಟದ ವ್ಯವಸ್ಥೆಯನ್ನೂ ತಾವೇ ವಹಿಸಿಕೊಂಡ ಕಾರಣ ತರಬೇತಿಗೆ ಮೀಸಲಿಟ್ಟ 1,20,000 ರೂಪಾಯಿಗಳಲ್ಲಿ 45,000 ರೂಪಾಯಿ ಉಳಿಯಲಿದ್ದು, ಈ ಮೊತ್ತವನ್ನು ಸಾಗಣೆ ಶೀರ್ಷಿಕೆಗೆ ವರ್ಗಾಯಿಸಲು ಅನುಮತಿ ನೀಡಬೇಕೆಂದು ಕೋರುತ್ತೇವೆ. ಒಟ್ಟು ಅನುದಾನ, ಗುಂಡಿಗಳ ಸಂಖ್ಯೆ ಮತ್ತು ಅವಧಿಯಲ್ಲಿ ಬದಲಾವಣೆಯಿಲ್ಲ. ಅನುಮೋದನೆ ದೊರೆಯುವವರೆಗೆ ಹೆಚ್ಚುವರಿ ವೆಚ್ಚ ಮಾಡುವುದಿಲ್ಲ. ಜೀಪು ಬಾಡಿಗೆಯ ರಸೀದಿಗಳನ್ನು ಲಗತ್ತಿಸಿದೆ.

ತಮ್ಮ ವಿಶ್ವಾಸಿ,
ಯೋಜನಾ ಸಂಯೋಜಕಿ, ತೀರ್ಥಹಳ್ಳಿ