ವಿಷಯ: ಅಡಿಕೆ ಹಾಳೆ ಋತುವಿಗೆ ಮುನ್ನ 45 ನಿಮಿಷದ ಆನ್‌ಲೈನ್ ಭೇಟಿಗೆ ಕೋರಿಕೆ (ಅಕ್ಟೋಬರ್ 29ರಿಂದ ನವೆಂಬರ್ 6ರ ನಡುವೆ)

ಬದಿಯಡ್ಕ, ಕಾಸರಗೋಡು ಜಿಲ್ಲೆ
16 ಅಕ್ಟೋಬರ್ 2025, ಗುರುವಾರ

ಮಾನ್ಯ ಶ್ರೀಧರ್ ಸರ್,

ನಮಸ್ಕಾರ. ನಮ್ಮ ಹಾಳೆ ತಟ್ಟೆ ಘಟಕಗಳ ಒಕ್ಕೂಟದ ಪರವಾಗಿ ನಿಮ್ಮ 45 ನಿಮಿಷ ಕೇಳುತ್ತಿದ್ದೇನೆ. ಬರುವ ವರ್ಷಕ್ಕೆ ಹಾಳೆ ಖರೀದಿ ಮಾಡಬೇಕೇ ಬೇಡವೇ, ಮಾಡುವುದಾದರೆ ಎಷ್ಟು ಎಂಬುದನ್ನು ನವೆಂಬರ್ ಎರಡನೇ ವಾರದೊಳಗೆ ನಾವು ತೀರ್ಮಾನಿಸಬೇಕು. ಅದರಲ್ಲಿ ಅರ್ಧ ಉತ್ತರ ನಿಮ್ಮ ಕೈಯಲ್ಲಿದೆ. ಇಮೇಲ್‌ಗಳಲ್ಲಿ ಇದು ಮುಗಿಯುವಂತೆ ಕಾಣುತ್ತಿಲ್ಲ. ನಿಮ್ಮ ಖರೀದಿ ವಿಭಾಗದವರು ರೆಗ್ಯುಲೇಟರಿಯವರನ್ನು ಕೇಳಿ ಎನ್ನುತ್ತಾರೆ, ರೆಗ್ಯುಲೇಟರಿಯವರು ಮೇಲಿನ ತೀರ್ಮಾನವಾಗಲಿ ಎನ್ನುತ್ತಾರೆ. ಆ ಮೇಲಿನವರು ನೀವು ಎಂದು ತಿಳಿದು ನೇರ ನಿಮಗೇ ಬರೆಯುತ್ತಿದ್ದೇನೆ. ಹಿಂದೊಮ್ಮೆ ಇಲ್ಲಿಗೆ ಬಂದಿದ್ದಾಗ ಕನ್ನಡದಲ್ಲೇ ಬರೆಯಿರಿ ಎಂದಿದ್ದಿರಿ, ಆ ಸಲುಗೆಯೂ ಇದೆ.

ಮೊದಲು ಸಮಯದ ವಿಚಾರ. ಶಿಕಾಗೊದಲ್ಲಿ ನವೆಂಬರ್ 2ರ ಭಾನುವಾರ ಗಡಿಯಾರ ಒಂದು ಗಂಟೆ ಹಿಂದೆ ಹೋಗುತ್ತದೆ. ಈಗ ನಮಗೂ ನಿಮಗೂ ಹತ್ತೂವರೆ ಗಂಟೆಯ ಅಂತರ, ಅಂದಿನಿಂದ ಹನ್ನೊಂದೂವರೆ. ಕೆಳಗಿನ ನಾಲ್ಕೂ ಸಮಯಗಳನ್ನು ಅದನ್ನು ಲೆಕ್ಕಕ್ಕೆ ಹಿಡಿದೇ ಬರೆದಿದ್ದೇನೆ. ನಿಮ್ಮ ಸಮಯ ಮೊದಲು, ನಮ್ಮದು ಆಮೇಲೆ:

ಒಂದು: ಬುಧವಾರ ಅಕ್ಟೋಬರ್ 29, ರಾತ್ರಿ 8.00 (ನಮಗೆ ಗುರುವಾರ 30, ಬೆಳಗ್ಗೆ 6.30)
ಎರಡು: ಗುರುವಾರ ಅಕ್ಟೋಬರ್ 30, ಬೆಳಗ್ಗೆ 8.00 (ನಮಗೆ ಅದೇ ದಿನ ಸಂಜೆ 6.30)
ಮೂರು: ಮಂಗಳವಾರ ನವೆಂಬರ್ 4, ಸಂಜೆ 7.30 (ನಮಗೆ ಬುಧವಾರ 5, ಬೆಳಗ್ಗೆ 7.00)
ನಾಲ್ಕು: ಗುರುವಾರ ನವೆಂಬರ್ 6, ಬೆಳಗ್ಗೆ 7.30 (ನಮಗೆ ಅದೇ ದಿನ ಸಂಜೆ 7.00)

ನಮಗೆ ಹೆಚ್ಚು ಅನುಕೂಲ ಮೂರನೆಯದು. ಈ ತಿಂಗಳಲ್ಲಿ ಇಲ್ಲಿ ಸಂಜೆಯಾದರೆ ಗುಡುಗು ಮಳೆ. ಮಿಂಚು ಶುರುವಾದರೆ ಮೋಡೆಮ್‌ನ ವಯರು ಕಿತ್ತಿಡದೆ ಗತಿಯಿಲ್ಲ, ಒಮ್ಮೊಮ್ಮೆ ಕರೆಂಟೂ ಹೋಗುತ್ತದೆ. ನೀವು ಊಟ ಮುಗಿಸಿ ಕೂರುವ ಹೊತ್ತಿಗೆ ಕರೆಯುವುದು ಸರಿಯಲ್ಲ ಎಂದು ಗೊತ್ತು. ಹಾಗಾಗಿ ಎರಡನೆಯದನ್ನೂ ನಾಲ್ಕನೆಯದನ್ನೂ ನಿಮ್ಮ ಬೆಳಗಿನ ಹೊತ್ತಿಗೆ ಇಟ್ಟಿದ್ದೇನೆ. ಅವುಗಳಲ್ಲಿ ಒಂದನ್ನು ಆರಿಸಿದರೆ ನಾನು ಕಾಸರಗೋಡು ಪೇಟೆಗೆ ಹೋಗಿ, ಜನರೇಟರ್ ಇರುವ ಕಚೇರಿಯಿಂದ ಕೂರುತ್ತೇನೆ. ನವೆಂಬರ್ 1ನ್ನು ಮಾತ್ರ ಬಿಟ್ಟಿದ್ದೇನೆ. ಶನಿವಾರವೆಂದಲ್ಲ, ಅಂದು ನಮಗೆ ಬೆಳಗ್ಗೆ ಮಕ್ಕಳ ಶಾಲೆಯಲ್ಲಿ ಕೇರಳ ಪಿರವಿ, ಸಂಜೆ ಸಂಘದಲ್ಲಿ ರಾಜ್ಯೋತ್ಸವ. ಗಡಿನಾಡಿನವರಿಗೆ ಎರಡರಲ್ಲೂ ಹಾಜರಿ ಬೇಕು.

ನಾಲ್ಕೂ ಆಗದಿದ್ದರೆ ನಿಮ್ಮ ಕಚೇರಿಯ ಹೊತ್ತಿನಲ್ಲೇ ಹೇಳಿ. ನಿಮ್ಮ ಬೆಳಗ್ಗೆ 9ರಿಂದ ಸಂಜೆ 5 ಎಂದರೆ ಅಕ್ಟೋಬರ್‌ನಲ್ಲಿ ನಮಗೆ ರಾತ್ರಿ 7.30ರಿಂದ ನಸುಕಿನ 3.30. ನಾನು ಎಷ್ಟು ಹೊತ್ತಿಗಾದರೂ ಕೂತೇನು. ಘಟಕದ ಹೆಂಗಸರನ್ನು ರಾತ್ರಿ ಒಂಬತ್ತರ ಮೇಲೆ ಕೂರಿಸುವುದು ಕಷ್ಟ, ಅವರಿಲ್ಲದೆ ಈ ಮಾತುಕತೆ ಅರ್ಧವಾಗುತ್ತದೆ.

ಇನ್ನು ಮಾತಾಡಬೇಕಾದದ್ದು. ಮೂರು ವಿಷಯ, ಅದರಲ್ಲಿ ಮೊದಲನೆಯದಕ್ಕೇ 25 ನಿಮಿಷ ಬೇಕಾಗುತ್ತದೆ.

ಅಮೆರಿಕದ ಎಫ್‌ಡಿಎ ಈ ವರ್ಷ ಅಡಿಕೆ ಹಾಳೆಯ ತಟ್ಟೆಗಳ ಮೇಲೆ ಇಂಪೋರ್ಟ್ ಅಲರ್ಟ್ ಹಾಕಿದ ಮೇಲಿನ ಸ್ಥಿತಿ ನಿಮಗೆ ಗೊತ್ತೇ ಇದೆ: ಆಹಾರಕ್ಕೆಂದು ಬಂದ ಸರಕನ್ನು ತೆರೆದು ನೋಡದೆಯೇ ಬಂದರಿನಲ್ಲಿ ತಡೆಹಿಡಿಯಬಹುದು. ಅಡಿಕೆಯಲ್ಲಿರುವ ಅರೆಕೊಲಿನ್‌ನಂಥ ಆಲ್ಕಲಾಯ್ಡ್‌ಗಳು ಹಾಳೆಯಿಂದ ಆಹಾರಕ್ಕೆ ಇಳಿಯಬಹುದು ಎಂಬುದು ಅವರ ಆಕ್ಷೇಪ. ಇಲ್ಲಿ ಎಲ್ಲರೂ ಒಂದೇ ಮಾತು ಹೇಳುತ್ತಾರೆ: ಅಡಿಕೆ ಬೇರೆ, ಹಾಳೆ ಬೇರೆ, ಅಜ್ಜನ ಕಾಲದಿಂದ ಹಾಳೆಯಲ್ಲಿ ಉಂಡಿದ್ದೇವೆ. ನಾನೂ ಉಂಡವಳೇ. ಆದರೆ ಆ ಮಾತಿನಿಂದ ಕಂಟೇನರ್ ಬಿಡುಗಡೆಯಾಗುವುದಿಲ್ಲ. ಬಿಸಿ ಸಾರು, ಎಣ್ಣೆ, ಹುಳಿ ಇವುಗಳಿಗೆ ಹಾಳೆಯಿಂದ ಎಷ್ಟು ಇಳಿಯುತ್ತದೆ ಎಂಬ ಪ್ರಯೋಗಾಲಯದ ವರದಿ ಬೇಕು. ಆ ವರದಿ ನಮಗೆ ವಿರುದ್ಧವಾಗಿಯೂ ಬರಬಹುದು. ಬಂದರೆ ಬರಲಿ, ಗೊತ್ತಾಗಲಿ ಎನ್ನುವ ಮಟ್ಟಕ್ಕೆ ಒಕ್ಕೂಟದ ಸಭೆ ಬಂದು ನಿಂತಿದೆ. ಅಷ್ಟಕ್ಕೇ ಎರಡು ಸಭೆ ಹಿಡಿಯಿತು.

ನಿಮ್ಮಿಂದ ಬೇಕಾದ ತೀರ್ಮಾನ ಇಲ್ಲಿದೆ. ಆ ಪರೀಕ್ಷೆಯ ಖರ್ಚಿನಲ್ಲಿ ನಿಮ್ಮ ಕಂಪನಿ ಅರ್ಧ ಹೊರುತ್ತದೆಯೇ? ಪರೀಕ್ಷೆ ಚೆನ್ನಾಗಿ ಬಂದರೆ ಮುಂದಿನ ದಾರಿಗಳಲ್ಲಿ ಒಂದು ಫುಡ್ ಕಾಂಟ್ಯಾಕ್ಟ್ ನೋಟಿಫಿಕೇಶನ್. ಎಫ್‌ಡಿಎ ಅದನ್ನು ಸ್ವೀಕರಿಸಿದ ಮೇಲೆ ಪರಿಶೀಲನೆಗೆ 120 ದಿನ. ಅದು ಯಾರ ಹೆಸರಿನಲ್ಲಿ ಆಗುತ್ತದೆಯೋ ಆ ತಯಾರಕರಿಗೆ, ಪೂರೈಕೆದಾರರಿಗೆ ಮಾತ್ರ ಅನ್ವಯಿಸುತ್ತದೆ, ಊರಿಗೆಲ್ಲ ಅಲ್ಲ. ಅರ್ಜಿ ಒಕ್ಕೂಟದ ಹೆಸರಿನಲ್ಲೇ ಹೋಗಬೇಕು ಎಂಬುದು ನಮ್ಮ ನಿಲುವು. ಖರ್ಚು ಹಂಚಿಕೊಂಡರೆ ಮೊದಲ ಎರಡು ವರ್ಷ ನಿಮಗೇ ಮೊದಲ ಆದ್ಯತೆ ಎಂದು ಬರೆದುಕೊಡಲು ಸಿದ್ಧ. ಅಕ್ಟೋಬರ್ 1ರಿಂದ ಅಲ್ಲಿನ ಸರ್ಕಾರಿ ಕಚೇರಿಗಳು ಖರ್ಚಿನ ಮಂಜೂರಾತಿ ಇಲ್ಲದೆ ಅರ್ಧ ಮುಚ್ಚಿರುವಾಗ ಅರ್ಜಿಯ ಮಾತೇಕೆ ಎಂದು ನಿಮ್ಮವರು ಕೇಳಬಹುದು. ಪರೀಕ್ಷೆಗೆ ಆ ಕಚೇರಿ ತೆರೆದಿರಬೇಕೆಂದಿಲ್ಲ. ಮಾದರಿ ಈಗ ಕಳಿಸಿದರೆ ಕಾಯುವ ಹೊತ್ತು ವ್ಯರ್ಥವಾಗುವುದಿಲ್ಲ.

ಇದಕ್ಕೆ ಈಗಲೇ ಯಾಕೆ ಅವಸರ ಎಂಬುದು ಹಾಳೆಯ ಕೆಲಸ ಹತ್ತಿರದಿಂದ ನೋಡದವರಿಗೆ ತಿಳಿಯುವುದು ಕಷ್ಟ. ನಿಮ್ಮ ಸಹೋದ್ಯೋಗಿಗಳಿಗಾಗಿ ಬರೆಯುತ್ತೇನೆ. ಹಾಳೆ ವರ್ಷವಿಡೀ ಬೀಳುತ್ತದೆ, ತಟ್ಟೆಗೆ ಆಗುವುದು ಬಿಸಿಲು ಕಾಲದಲ್ಲಿ ಬಿದ್ದು ಒಣಗಿದ್ದು. ಮಳೆಗಾಲದ್ದು ತೋಟದಲ್ಲೇ ಕಪ್ಪು ಚುಕ್ಕೆ ಹಿಡಿದು ಬೂಸ್ಟು ಬರುತ್ತದೆ. ಹಾಗಾಗಿ ಡಿಸೆಂಬರ್‌ನಿಂದ ಮೇವರೆಗೆ ಹೆಕ್ಕಿ, ಕಟ್ಟು ಕಟ್ಟಿ, ಅಟ್ಟದಲ್ಲಿ ಒಟ್ಟಿದ್ದೇ ಇಡೀ ವರ್ಷದ ದಾಸ್ತಾನು. ಆಮೇಲೆ ಬೇಕೆಂದಾಗ ಕಟ್ಟು ಬಿಚ್ಚಿ, ನೀರಲ್ಲಿ ನೆನೆಸಿ, ಬ್ರಷ್ಷಿನಲ್ಲಿ ತಿಕ್ಕಿ, ತೇವ ಇರುವಾಗಲೇ ಬಿಸಿ ಅಚ್ಚಿನಲ್ಲಿ ಒತ್ತುತ್ತೇವೆ. ತೇವ ಹೆಚ್ಚಾದರೆ ತಟ್ಟೆ ಅಚ್ಚಿನಿಂದ ಬಂದ ಮೇಲೆ ಸೊಟ್ಟಗಾಗುತ್ತದೆ, ಕಡಿಮೆಯಾದರೆ ಅಂಚಿನಲ್ಲಿ ಸೀಳುತ್ತದೆ. ಮುಳ್ಳೇರಿಯ ಘಟಕದ ಸರೋಜಕ್ಕ ಹಾಳೆಯನ್ನು ಬೆರಳಲ್ಲಿ ಬಗ್ಗಿಸಿ ನೋಡಿ ಹೇಳಿಬಿಡುತ್ತಾರೆ. ತೋಟದವರಿಗೆ ನವೆಂಬರ್‌ನಲ್ಲೇ ಮಾತು ಕೊಡದಿದ್ದರೆ ಅವರು ಹಾಳೆ ಹೆಕ್ಕಿಸುವುದಿಲ್ಲ, ಹೆಕ್ಕುವ ಕೂಲಿ ಕೈಯಿಂದ ಹಾಕುವಷ್ಟು ಯಾರೂ ಉದಾರಿಗಳಲ್ಲ. ಹಾಳೆ ಅಡಿಕೆ ಮರದ ಬುಡದಲ್ಲೇ ಗೊಬ್ಬರವಾಗುತ್ತದೆ. ಅಂದರೆ ನೀವು ಫೆಬ್ರವರಿಯಲ್ಲಿ ಹೂಂ ಎಂದರೆ ಅರ್ಧ ಋತು ಕಳೆದಿರುತ್ತದೆ.

ಎರಡನೆಯದು ಆಹಾರೇತರ ಸಾಮಾನು: ಸೋಪು ಇಡುವ ತಟ್ಟೆ, ಉಡುಗೊರೆಯ ಟ್ರೇ, ನರ್ಸರಿಯವರಿಗೆ ಗಿಡದ ಕುಂಡದ ಅಡಿಗಿಡುವ ತಟ್ಟೆ. ಮಾದರಿಗಳ ಚಿತ್ರ ಲಗತ್ತಿಸಿದ್ದೇನೆ. ಇಲ್ಲಿ ಒಂದು ಸಂಶಯ ನನ್ನನ್ನು ಬಿಟ್ಟಿಲ್ಲ. ‘ಆಹಾರಕ್ಕಲ್ಲ’ ಎಂದು ಅಚ್ಚೊತ್ತಿದರೂ ನೋಡಲು ಊಟದ ತಟ್ಟೆಯಂತೆಯೇ ಇರುವುದನ್ನು ಬಂದರಿನ ಅಧಿಕಾರಿ ಸುಮ್ಮನೆ ಬಿಡುತ್ತಾರೆಯೇ? ಇದಕ್ಕೆ ನಿಮ್ಮ ಕಸ್ಟಮ್ಸ್ ಬ್ರೋಕರ್‌ನಿಂದ ಬರಹದಲ್ಲಿ ಉತ್ತರ ಬೇಕು, ಬಾಯಿಮಾತು ಸಾಲದು. ಸಾಧ್ಯವಾದರೆ ಅವರನ್ನೂ ಈ 12 ನಿಮಿಷಕ್ಕೆ ಕರೆಯಿರಿ. ದರದ ಮಾತೂ ಇಲ್ಲೇ ಬರುತ್ತದೆ. ಆಗಸ್ಟ್ 27ರಿಂದ ಭಾರತದ ಸರಕಿನ ಮೇಲೆ 50 ಶೇಕಡಾ ಸುಂಕ ಬಂದ ಮೇಲೆ ಅದನ್ನು ನಾವೊಬ್ಬರೇ ನುಂಗಿದರೆ ಇಲ್ಲಿ ಕೂಲಿಯೇ ಹುಟ್ಟುವುದಿಲ್ಲ. ಹಂಚಿಕೊಳ್ಳುವ ಲೆಕ್ಕ ಒಂದನ್ನು ಮಾಡಿಟ್ಟಿದ್ದೇನೆ, ಭೇಟಿಯಲ್ಲಿ ತೋರಿಸುತ್ತೇನೆ.

ಮೂರನೆಯದು ಚಿಕ್ಕದು. ನಿಮ್ಮ ಬ್ರ್ಯಾಂಡಿನ ಹೆಸರು ಮುದ್ರಿಸಿದ ಕಾಗದದ ಪಟ್ಟಿ ಸುತ್ತಿದ 312 ಪೆಟ್ಟಿಗೆಗಳು ಏಪ್ರಿಲ್‌ನಿಂದ ನಮ್ಮ ಗೋದಾಮಿನಲ್ಲಿವೆ. ಪಣಂಬೂರಿನ ಬಂದರಿಗೆ ಕಳಿಸುವ ಮೊದಲೇ ನಿಮ್ಮವರು ತಡೆದದ್ದು ಒಳ್ಳೆಯದೇ ಆಯಿತು. ಆದರೆ ಪಟ್ಟಿ ಬಿಚ್ಚಿ ಊರಿನ ಸಮಾರಂಭಗಳಿಗೆ ಮಾರಲು ನಿಮ್ಮ ಒಪ್ಪಿಗೆ ಬೇಕು, ಮುದ್ರಣದ ಬಿಲ್ಲು ಯಾರದೆಂದೂ ತಿಳಿಯಬೇಕು. ಇದಕ್ಕೆ ಐದು ನಿಮಿಷ ಸಾಕು. ಭೇಟಿಗೆ ಮೊದಲೇ ಒಂದು ಸಾಲಿನಲ್ಲಿ ಒಪ್ಪಿಗೆ ಬರೆದು ಕಳಿಸಿದರೆ ಅದೂ ಬೇಡ. ಮದುವೆಯ ದಿನಗಳು ಹತ್ತಿರ ಬಂದಿವೆ, ಈಗ ಮಾರಿದರೆ ಹೋಗುತ್ತದೆ. ಉಳಿದ ಮೂರು ನಿಮಿಷವನ್ನು ಯಾರು ಏನು ಮಾಡಬೇಕೆಂದು ಬರೆದುಕೊಳ್ಳಲು ಇಟ್ಟಿದ್ದೇನೆ.

ನಮ್ಮ ಕಡೆಯಿಂದ ನಾನು, ಒಕ್ಕೂಟದ ಅಧ್ಯಕ್ಷರು ಮತ್ತು ಸರೋಜಕ್ಕ ಇರುತ್ತೇವೆ. ನಿಮ್ಮ ಕಡೆಯಿಂದ ರೆಗ್ಯುಲೇಟರಿ ವಿಭಾಗದ ಒಬ್ಬರು ಇದ್ದರೆ ಒಳ್ಳೆಯದು. ಅವರು ಬಂದರೆ ಇಂಗ್ಲಿಷಿನಲ್ಲಿ ಮಾತಾಡೋಣ, ಸರೋಜಕ್ಕನಿಗೆ ನಾನು ಹೇಳುತ್ತಾ ಹೋಗುತ್ತೇನೆ. ಟೀಮ್ಸ್ ಆದೀತು, ಝೂಮ್ ಆದೀತು, ನಿಮ್ಮ ಕಂಪನಿಯಲ್ಲಿ ಯಾವುದಕ್ಕೆ ಅನುಮತಿಯೋ ಅದು. ನಡುವೆ ಸಂಪರ್ಕ ಕಡಿದರೆ ಐದು ನಿಮಿಷ ಕಾಯಿರಿ, ನಾನು ವಾಟ್ಸಾಪ್‌ನಲ್ಲಿ ಕರೆಯುತ್ತೇನೆ.

ದೀಪಾವಳಿ ಮುಗಿದ ಮೇಲೆ, ಅಕ್ಟೋಬರ್ 24ರ ಶುಕ್ರವಾರದೊಳಗೆ ನಿಮ್ಮ ಉತ್ತರ ಬಂದರೆ ಉಪಕಾರ. ಅಲ್ಲಿಯವರೆಗೆ ನಾಲ್ಕೂ ಸಮಯಗಳನ್ನು ಬೇರೆ ಯಾವುದಕ್ಕೂ ಕೊಡದೆ ಇಟ್ಟುಕೊಳ್ಳುತ್ತೇನೆ. ‘ಒಂದು’, ‘ಮೂರು’ ಎಂದು ಸಂಖ್ಯೆ ಬರೆದರೆ ಸಾಕು, ಕ್ಯಾಲೆಂಡರ್ ಆಹ್ವಾನವನ್ನು ಶಿಕಾಗೊ ಸಮಯದಲ್ಲೇ ಕಳಿಸುತ್ತೇನೆ. ನಿಮ್ಮ ಕಚೇರಿಯಲ್ಲಿ ಕ್ಯಾಲೆಂಡರ್ ನೋಡಿಕೊಳ್ಳುವವರಿಗೂ ಇದರ ಪ್ರತಿ ಹೋಗಿದೆ, ಅವರಿಗಾಗಿ ಸಮಯ ಮತ್ತು ವಿಷಯಗಳ ಇಂಗ್ಲಿಷ್ ಪುಟ ಬೇರೆಯೇ ಇದೆ. ಎರಡು ಪುಟದ ಟಿಪ್ಪಣಿಯನ್ನು ಭೇಟಿಗೆ ಮೊದಲು ಓದಿಕೊಂಡರೆ ಹಿಂದಿನ ಕಥೆ ಮತ್ತೆ ಹೇಳುವ ಅಗತ್ಯ ಬೀಳುವುದಿಲ್ಲ.

ವಂದನೆಗಳೊಂದಿಗೆ,

ವಿದ್ಯಾಲಕ್ಷ್ಮಿ
ಕಾರ್ಯದರ್ಶಿ, ಹಾಳೆ ತಟ್ಟೆ ಘಟಕಗಳ ಒಕ್ಕೂಟ, ಬದಿಯಡ್ಕ

ಲಗತ್ತು: ಎರಡು ಪುಟದ ಟಿಪ್ಪಣಿ, ಆಹಾರೇತರ ಮಾದರಿಗಳ ಚಿತ್ರಗಳು, ಇಂಗ್ಲಿಷ್‌ನಲ್ಲಿ ಸಮಯ ಮತ್ತು ವಿಷಯಗಳ ಪುಟ