ದಿನನಿತ್ಯ ಪ್ರಯಾಣಿಸುವ ವಿದ್ಯಾರ್ಥಿಗಳ ಪ್ರಶ್ನಾವಳಿ: ನೈತಿಕತಾ ಸಮಿತಿಗೆ ವಿವರಣಾ ಪತ್ರ

ಮೈಸೂರು
3 ಸೆಪ್ಟೆಂಬರ್ 2025

ಇವರಿಗೆ,
ಸದಸ್ಯ ಕಾರ್ಯದರ್ಶಿಗಳು
ಮಾನವ ಸಂಶೋಧನಾ ನೈತಿಕತಾ ಸಮಿತಿ
ಮಾನಸಗಂಗೋತ್ರಿ, ಮೈಸೂರು

ಮಾನ್ಯರೆ,

ವಿಷಯ: ಮಂಡ್ಯ ಜಿಲ್ಲೆಯಿಂದ ಮೈಸೂರಿನ ಕಾಲೇಜುಗಳಿಗೆ ದಿನವೂ ಬಂದು ಹೋಗುವ ಪದವಿ ವಿದ್ಯಾರ್ಥಿಗಳ ನಿದ್ರೆ, ಖರ್ಚು ಮತ್ತು ಮನಸ್ಥಿತಿ ಕುರಿತ ಪ್ರಶ್ನಾವಳಿ. ಅಪಾಯ, ದತ್ತಾಂಶ ಸಂಗ್ರಹ, ಹಿಂದೆ ಸರಿಯುವ ಹಕ್ಕು ಇವುಗಳ ಬಗ್ಗೆ ವಿವರಣೆ.

ನಮ್ಮ ಅರ್ಜಿಯನ್ನು ಪರಿಶೀಲಿಸಿದ ಸಮಿತಿಯು ಮೇಲಿನ ಮೂರು ಅಂಶಗಳ ಬಗ್ಗೆ ಹೆಚ್ಚಿನ ವಿವರ ಕೇಳಿತ್ತು. ಮೊದಲ ಅರ್ಜಿಯಲ್ಲಿ ನಾವು "ಮಾಹಿತಿಯನ್ನು ಅನಾಮಧೇಯವಾಗಿಡಲಾಗುವುದು, ಯಾವಾಗ ಬೇಕಾದರೂ ಹಿಂದೆ ಸರಿಯಬಹುದು" ಎಂದು ಒಂದೇ ಸಾಲಿನಲ್ಲಿ ಬರೆದಿದ್ದೆವು. ಈ ಎರಡು ಮಾತುಗಳು ಒಂದಕ್ಕೊಂದು ಹೊಂದುವುದಿಲ್ಲ. ಉತ್ತರ ಯಾರದೆಂದು ನಮಗೇ ಗೊತ್ತಿಲ್ಲದಿದ್ದರೆ ಅದನ್ನು ಹುಡುಕಿ ತೆಗೆಯಲಾಗದು. ತೆಗೆಯಲು ಸಾಧ್ಯವಿದ್ದರೆ ಅದು ಪೂರ್ತಿ ಅನಾಮಧೇಯವಲ್ಲ. ಆದ್ದರಿಂದ ಆ ಸಾಲನ್ನು ಕೈಬಿಟ್ಟು, ನಡೆಸಿಕೊಡಬಲ್ಲಷ್ಟನ್ನೇ ಇಲ್ಲಿ ಬರೆದಿದ್ದೇವೆ.

ಪ್ರಶ್ನಾವಳಿಯ ಸ್ವರೂಪ

ಮೈಸೂರಿನ ಎರಡು ಕಾಲೇಜುಗಳಲ್ಲಿ ಮೂರನೇ ಮತ್ತು ಐದನೇ ಸೆಮಿಸ್ಟರಿನ ಒಟ್ಟು 240 ವಿದ್ಯಾರ್ಥಿಗಳಿಗೆ ಮುದ್ರಿತ ಪ್ರಶ್ನಾವಳಿ ಕೊಡುತ್ತೇವೆ. ಕನ್ನಡ ಮತ್ತು ಇಂಗ್ಲಿಷ್ ಎರಡೂ ಪ್ರತಿಗಳಿರುತ್ತವೆ. ಒಟ್ಟು 32 ಪ್ರಶ್ನೆಗಳು: ಪ್ರಯಾಣ, ಊಟ, ನಿದ್ರೆ, ಖರ್ಚಿನ ಬಗ್ಗೆ 17, ಖಿನ್ನತೆಯ ಲಕ್ಷಣಗಳನ್ನು ಅಳೆಯುವ ಪಿಎಚ್‌ಕ್ಯೂ-8 ರ ಎಂಟು, ಆತಂಕವನ್ನು ಅಳೆಯುವ ಜಿಎಡಿ-7 ರ ಏಳು. ಇದಕ್ಕೆ ಇಪ್ಪತ್ತು ನಿಮಿಷ ಮೀಸಲು. ಆನ್‌ಲೈನ್ ಫಾರಂ ಬಳಸುವುದಿಲ್ಲ. ಅದರ ಕೊಂಡಿ ತರಗತಿಯ ವಾಟ್ಸ್ಆ್ಯಪ್ ಗುಂಪಿಗೆ ಹೋದರೆ ಯಾರು ತುಂಬಿದರು, ಯಾರು ತುಂಬಿಲ್ಲ ಎಂಬ ವಿಚಾರಣೆ ಅಲ್ಲೇ ಶುರುವಾಗುತ್ತದೆ.

18 ವರ್ಷ ತುಂಬದವರನ್ನು ಸೇರಿಸಿಕೊಳ್ಳುವುದಿಲ್ಲ. ಮೊದಲ ವರ್ಷದವರನ್ನು ಬಿಟ್ಟಿರುವುದು ಇದೇ ಕಾರಣಕ್ಕೆ. ಆದರೂ ಮೂರನೇ ಸೆಮಿಸ್ಟರಿನಲ್ಲಿ ಒಬ್ಬಿಬ್ಬರು 17 ರವರು ಇರಬಹುದು. ಅವರನ್ನು ಎದ್ದು ನಿಲ್ಲಿಸಿ ಹೊರಗೆ ಕಳಿಸುವುದಿಲ್ಲ. 18 ತುಂಬದವರು ಖಾಲಿ ಹಾಳೆಯನ್ನೇ ಲಕೋಟೆಗೆ ಹಾಕಬೇಕೆಂದು ಮಾಹಿತಿ ಪತ್ರದಲ್ಲೂ ಬಾಯಿಮಾತಿನಲ್ಲೂ ತಿಳಿಸುತ್ತೇವೆ.

ಅಪಾಯಗಳು

ದೈಹಿಕ ಅಪಾಯವಿಲ್ಲ. ಉಳಿದವು ನಾಲ್ಕು ಬಗೆಯವು, ಅವುಗಳ ತೂಕ ಒಂದೇ ಅಲ್ಲ.

ಎಲ್ಲಕ್ಕಿಂತ ದೊಡ್ಡದು, ಹೆಸರಿಲ್ಲದಿದ್ದರೂ ಗುರುತು ಸಿಗುವುದು. ನಲವತ್ತು ಜನರ ತರಗತಿಗೆ ನಾಗಮಂಗಲದಿಂದ ಬರುವ ಹುಡುಗಿ ಒಬ್ಬಳೇ ಇರಬಹುದು. ತಾಲ್ಲೂಕು, ಲಿಂಗ, ಕೋರ್ಸು ಈ ಮೂರೂ ಒಂದೇ ಹಾಳೆಯಲ್ಲಿದ್ದರೆ ಹೆಸರು ಬರೆದಷ್ಟೇ ಸಲೀಸಾಗಿ ಆಕೆ ಯಾರೆಂದು ಗೊತ್ತಾಗುತ್ತದೆ. ಹಾಗಾಗಿ ಊರು, ತಾಲ್ಲೂಕು ಎರಡನ್ನೂ ಕೈಬಿಟ್ಟು, ಮನೆಯಿಂದ ಕಾಲೇಜಿಗೆ ಹಿಡಿಯುವ ಸಮಯವನ್ನು ಮಾತ್ರ ಮೂರು ಹಂತಗಳಲ್ಲಿ ಕೇಳುತ್ತೇವೆ: ಒಂದು ಗಂಟೆಯೊಳಗೆ, ಒಂದರಿಂದ ಎರಡು ಗಂಟೆ, ಎರಡು ಗಂಟೆಗಿಂತ ಹೆಚ್ಚು. ಕೋರ್ಸಿನ ಬದಲು ಕಲಾ, ವಾಣಿಜ್ಯ, ವಿಜ್ಞಾನ ಎಂದಷ್ಟೇ. ಜಾತಿ ಮತ್ತು ಪ್ರವೇಶದ ಕೋಟಾ ಕೇಳುವುದಿಲ್ಲ, ನಮ್ಮ ಸಂಶೋಧನಾ ಪ್ರಶ್ನೆಗೆ ಅವು ಬೇಕಿಲ್ಲ.

ಲಿಂಗದ ಪ್ರಶ್ನೆಗೆ ಉತ್ತರಿಸದೆ ಬಿಡುವ ಅವಕಾಶವಿದೆ. ಇಲ್ಲೊಂದು ಸಣ್ಣ ಬಲೆಯಿತ್ತು. 2023 ರ ಜೂನ್‌ನಲ್ಲಿ ಶಕ್ತಿ ಯೋಜನೆ ಜಾರಿಯಾದ ಮೇಲೆ ಸಾಮಾನ್ಯ ಸರ್ಕಾರಿ ಬಸ್ಸುಗಳಲ್ಲಿ ಮಹಿಳೆಯರಿಗೆ ಟಿಕೆಟ್ ಉಚಿತ. "ತಿಂಗಳ ಬಸ್ ಖರ್ಚು ಎಷ್ಟು" ಎಂಬುದಕ್ಕೆ ಸೊನ್ನೆ ಎಂದು ಬರೆದವರ ಲಿಂಗ ಬಹುಪಾಲು ಅಲ್ಲೇ ಬಯಲಾಗುತ್ತಿತ್ತು. ಈಗ ಬಸ್ಸು, ರೈಲು, ಆಟೊ, ಕಾಫಿ-ತಿಂಡಿ ಎಲ್ಲವನ್ನೂ ಕೂಡಿಸಿ "ದಾರಿಖರ್ಚು" ಎಂದು ಒಂದೇ ಮೊತ್ತ ಕೇಳುತ್ತೇವೆ.

ಎರಡನೆಯದು, ಪ್ರಶ್ನೆಗಳಿಂದಲೇ ಮನಸ್ಸು ಕದಡುವುದು. ಪಿಎಚ್‌ಕ್ಯೂ-9 ರ ಕೊನೆಯ ಪ್ರಶ್ನೆ ಸಾಯುವ ಯೋಚನೆಯ ಕುರಿತದ್ದು. ಮೊದಲ ಅರ್ಜಿಯಲ್ಲಿ ಅದಿತ್ತು, ಈಗ ತೆಗೆದಿದ್ದೇವೆ. "ಹೆಚ್ಚುಕಡಿಮೆ ಪ್ರತಿದಿನ" ಎಂದು ಯಾರಾದರೂ ಗುರುತು ಹಾಕಿದರೆ ಅವರು ಯಾರೆಂದು ನಮಗೆ ತಿಳಿಯದು, ನೆರವಿಗೆ ಹೋಗಲೂ ಆಗದು. ನೆರವಾಗಲು ದಾರಿಯಿಲ್ಲದೆ ಆ ಪ್ರಶ್ನೆ ಕೇಳುವುದು ಸರಿಯಲ್ಲವೆಂಬುದು ನಮ್ಮ ತೀರ್ಮಾನ. ಉಳಿದ ಎಂಟರಲ್ಲಿ ಗರಿಷ್ಠ ಅಂಕ 24. ಖಿನ್ನತೆಯ ತಪಾಸಣೆಗೆ ರೂಢಿಯಲ್ಲಿರುವ 10 ರ ಗಡಿ ಇಲ್ಲೂ ಹೊಂದುತ್ತದೆ. ಅಂಕವನ್ನು ವಿದ್ಯಾರ್ಥಿಗೆ ಹೇಳುವುದಿಲ್ಲ, ಏಕೆಂದರೆ ಇದು ರೋಗನಿರ್ಣಯವಲ್ಲ. ತುಂಬಿದವರಿಗೂ ತುಂಬದವರಿಗೂ ಒಂದೇ ಚೀಟಿ ಕೊಡುತ್ತೇವೆ. ಅದರಲ್ಲಿ ಟೆಲಿ-ಮಾನಸ್ ಸಹಾಯವಾಣಿ 14416 (ದಿನದ 24 ಗಂಟೆ, ಉಚಿತ, ಕನ್ನಡದಲ್ಲೂ ಮಾತಾಡಬಹುದು) ಮತ್ತು ಕಾಲೇಜಿನ ಆಪ್ತಸಮಾಲೋಚಕರ ವೇಳೆ ಇರುತ್ತವೆ. ತುಂಬುವ ದಿನ ಸಮಾಲೋಚಕರು ಬೇರೆ ಕೋಣೆಯಲ್ಲಿ ಮಧ್ಯಾಹ್ನದವರೆಗೆ ಇರಲು ಒಪ್ಪಿದ್ದಾರೆ.

ಮೂರನೆಯದು ಒತ್ತಡ. ಅಧ್ಯಾಪಕರು ತರಗತಿಯಲ್ಲಿದ್ದರೆ "ಇಷ್ಟವಿದ್ದರೆ ತುಂಬಿ" ಎಂಬ ಮಾತಿಗೆ ಬೆಲೆಯಿಲ್ಲ. ಆಂತರಿಕ ಅಂಕ ಅವರ ಕೈಯಲ್ಲಿದೆ ಎಂಬುದು ಪ್ರತಿ ವಿದ್ಯಾರ್ಥಿಗೂ ಗೊತ್ತು. ಪ್ರಶ್ನಾವಳಿ ಹಂಚುವ ಮೊದಲೇ ಅಧ್ಯಾಪಕರು ಹೊರಗೆ ಹೋಗುತ್ತಾರೆ, ಲಕೋಟೆಗಳೆಲ್ಲ ಪೆಟ್ಟಿಗೆಗೆ ಬಿದ್ದ ಮೇಲಷ್ಟೇ ಒಳಗೆ ಬರುತ್ತಾರೆ. ಈ ಬಗ್ಗೆ ಎರಡೂ ಕಾಲೇಜುಗಳ ಪ್ರಾಂಶುಪಾಲರ ಲಿಖಿತ ಒಪ್ಪಿಗೆ ಲಗತ್ತಿಸಿದೆ. ಹಾಜರಾತಿ ಕರೆಯುವುದಿಲ್ಲ. ಎಲ್ಲರಿಗೂ ಒಂದೇ ನೀಲಿ ಪೆನ್ನು, ಒಂದೇ ಕಂದು ಲಕೋಟೆ. ಬೇಡದವರು ಖಾಲಿ ಹಾಳೆಯನ್ನು ಲಕೋಟೆಗೆ ಹಾಕಿ ಅಂಟಿಸಿದರೆ ಸಾಕು, ಪಕ್ಕದ ಬೆಂಚಿನವರಿಗೂ ತಿಳಿಯದು. ಪೆನ್ನು ಅವರದೇ. ಅದನ್ನು ಬಿಟ್ಟರೆ ಪ್ರತಿಫಲ ಏನೂ ಇಲ್ಲ.

ನಾಲ್ಕನೆಯದು ಕೊನೆಯ, 17ನೇ ಪ್ರಯಾಣ ಪ್ರಶ್ನೆಯ ಖಾಲಿ ಸಾಲುಗಳಿಗೆ ಸಂಬಂಧಿಸಿದ್ದು. "ಪ್ರಯಾಣದಲ್ಲಿ ಎದುರಾಗುವ ತೊಂದರೆ ಬರೆಯಿರಿ" ಎಂದರೆ ಕಿರುಕುಳದ ವಿಷಯ, ಕೆಲವೊಮ್ಮೆ ವ್ಯಕ್ತಿಯ ಹೆಸರೂ ಬರಬಹುದು. ಹಾಗೆ ಬರೆದವರು ದೂರು ಕೊಟ್ಟೆವೆಂದು ನಂಬಿ ಕ್ರಮಕ್ಕಾಗಿ ಕಾಯುವುದೇ ಇಲ್ಲಿನ ಅಪಾಯ. ಆ ಪ್ರಶ್ನೆಯ ಮೇಲೆಯೇ ದಪ್ಪ ಅಕ್ಷರದಲ್ಲಿ "ಇಲ್ಲಿ ಬರೆದದ್ದು ದೂರು ಆಗುವುದಿಲ್ಲ, ಯಾರ ಹೆಸರನ್ನೂ ಬರೆಯಬೇಡಿ" ಎಂದಿದೆ. ಕಾಲೇಜಿನ ಆಂತರಿಕ ದೂರು ಸಮಿತಿಯನ್ನು ಕಾಣುವ ಬಗೆ ಮತ್ತು ರ‍್ಯಾಗಿಂಗ್ ತಡೆ ಸಹಾಯವಾಣಿ 1800-180-5522 ಚೀಟಿಯಲ್ಲಿವೆ. ಹೆಸರು ಬಂದೇ ಬಂದರೆ ಟೈಪ್ ಮಾಡುವಾಗ ಬಿಟ್ಟುಬಿಡುತ್ತೇವೆ.

ಸಹಿ ಬೇಡವೆಂಬ ಕೋರಿಕೆ

ಒಪ್ಪಿಗೆ ಪತ್ರಕ್ಕೆ ಸಹಿ ಪಡೆದರೆ ಇಡೀ ಅಧ್ಯಯನದಲ್ಲಿ ಹೆಸರಿರುವ ಕಾಗದ ಅದೊಂದೇ ಆಗುತ್ತದೆ. ಅಂದರೆ ಹೊಸ ಅಪಾಯವನ್ನು ನಾವೇ ತಂದಿಟ್ಟಂತೆ. ಎರಡು ಪುಟದ ಮಾಹಿತಿ ಪತ್ರವನ್ನು ಓದಿ ಹೇಳಿದ ಮೇಲೆ, ಪ್ರಶ್ನಾವಳಿಯ ಮೊದಲ ಪುಟದ "ನನಗೆ 18 ತುಂಬಿದೆ, ಓದಿ ತಿಳಿದು ಒಪ್ಪಿದ್ದೇನೆ" ಎಂಬ ಚೌಕದಲ್ಲಿ ಗುರುತು ಹಾಕುವುದನ್ನೇ ಒಪ್ಪಿಗೆಯೆಂದು ಪರಿಗಣಿಸಲು ಸಮಿತಿಯ ಅನುಮತಿ ಕೋರುತ್ತೇವೆ. ಗುರುತಿಲ್ಲದ ಹಾಳೆಯಲ್ಲಿ ಉತ್ತರಗಳಿದ್ದರೂ ಬಳಸುವುದಿಲ್ಲ.

ಹಿಂದೆ ಸರಿಯುವ ಹಕ್ಕು

ಪ್ರತಿ ಪ್ರಶ್ನಾವಳಿಯ ಬಲ ಮೇಲ್ಮೂಲೆಯಲ್ಲಿ ಐದಂಕಿಯ ಸಂಖ್ಯೆ, ಅದೇ ಸಂಖ್ಯೆ ಕೆಳಗಿನ ಹರಿದುಕೊಳ್ಳುವ ಚೀಟಿಯಲ್ಲೂ ಇರುತ್ತದೆ. 1, 2, 3 ಎಂದು ಕ್ರಮವಾಗಿ ಹಾಕಿದರೆ ಕೂತ ಸಾಲಿನಿಂದ ಲೆಕ್ಕ ಹಿಡಿಯಬಹುದು, ಬೇರೆಯವರ ಸಂಖ್ಯೆಯನ್ನು ಊಹಿಸಿ ಅವರ ಹಾಳೆಯನ್ನು ತೆಗೆಸಲೂಬಹುದು. ಆದ್ದರಿಂದ 10000 ದಿಂದ 99999 ರೊಳಗೆ ಎತ್ತಿದ ಯಾದೃಚ್ಛಿಕ ಸಂಖ್ಯೆಗಳು. ಹಾಳೆಗಳನ್ನು ಕಲಸಿ ಹಂಚುತ್ತೇವೆ. ಯಾವ ಸಂಖ್ಯೆ ಯಾರಿಗೆ ಹೋಯಿತೆಂಬ ಪಟ್ಟಿ ಎಲ್ಲೂ ಇರುವುದಿಲ್ಲ. "ತಾಯಿಯ ಹೆಸರಿನ ಮೊದಲ ಅಕ್ಷರ, ಹುಟ್ಟಿದ ತಾರೀಕು" ಸೇರಿಸಿ ಗುರುತು ಮಾಡಿಕೊಳ್ಳುವ ಪದ್ಧತಿಯನ್ನು ಬೇಡವೆಂದೆವು. ಇಬ್ಬರಿಗೆ ಒಂದೇ ಗುರುತು ಬೀಳಬಹುದು, ಗೆಳೆಯರಿಗೆ ಅದು ಗೊತ್ತಿರಲೂಬಹುದು.

ತುಂಬಿದ ದಿನದಿಂದ 21 ದಿನಗಳೊಳಗೆ, ಕಾರಣ ಹೇಳದೆ, ಹಿಂದೆ ಸರಿಯಬಹುದು. ಚೀಟಿಯನ್ನು ಕಾಲೇಜು ಗ್ರಂಥಾಲಯದ ಪತ್ರಿಕಾ ವಿಭಾಗದಲ್ಲಿಟ್ಟ ಬೀಗದ ಪೆಟ್ಟಿಗೆಗೆ ಹಾಕಬೇಕು, ಇಲ್ಲವೇ ವಿಭಾಗದ ಸ್ಥಿರ ದೂರವಾಣಿಗೆ ಕರೆ ಮಾಡಿ ಐದು ಅಂಕಿಗಳನ್ನಷ್ಟೇ ಹೇಳಬೇಕು. ಆ ಫೋನಿನಲ್ಲಿ ಕರೆ ಮಾಡಿದವರ ಸಂಖ್ಯೆ ಕಾಣುವುದಿಲ್ಲ. ಮಿಂಚಂಚೆ ಬೇಡವೆನ್ನುತ್ತೇವೆ, ಅದರಲ್ಲಿ ಕಳಿಸಿದವರ ಹೆಸರು ಕಾಣುತ್ತದೆ.

ಈ 21 ದಿನ ಮುಗಿಯುವವರೆಗೆ ಒಂದು ಉತ್ತರವನ್ನೂ ಟೈಪ್ ಮಾಡುವುದಿಲ್ಲ. ಆಗ ಹಿಂದೆ ಸರಿಯುವುದೆಂದರೆ ಬೀರುವಿನಿಂದ ಒಂದು ಹಾಳೆಯನ್ನು ತೆಗೆದು ಯಂತ್ರದಲ್ಲಿ ಚೂರು ಮಾಡುವುದಷ್ಟೇ, ಯಾವ ಕಡತದಲ್ಲಿ, ಯಾವ ನಕಲಿನಲ್ಲಿ ಉಳಿದಿದೆಯೋ ಎಂದು ಹುಡುಕುವಂತಿಲ್ಲ. ಎಷ್ಟು ಮಂದಿ ಹಿಂದೆ ಸರಿದರೆಂಬ ಲೆಕ್ಕ ಮಾತ್ರ ಉಳಿಯುತ್ತದೆ.

22ನೇ ದಿನ ಎಲ್ಲ ಹಾಳೆಗಳ ಮೇಲ್ಮೂಲೆಯನ್ನು ಕತ್ತರಿಸಿ, ಹಾಳೆಗಳನ್ನು ಕಲಸಿ, 1 ರಿಂದ ಹೊಸ ಕ್ರಮಸಂಖ್ಯೆ ಹಾಕುತ್ತೇವೆ. ಅಲ್ಲಿಂದಾಚೆಗೆ ಯಾರ ಉತ್ತರವನ್ನೂ ಹಿಂದಕ್ಕೆ ಕೊಡಲಾಗದು. ಚೀಟಿ ಕಳೆದುಕೊಂಡವರಿಗೂ ಇದೇ ಮಾತು, ಅವಧಿಯೊಳಗಿದ್ದರೂ ಅವರ ಹಾಳೆಯನ್ನು ಗುರುತಿಸಲು ನಮಗೆ ಬೇರೆ ದಾರಿಯಿಲ್ಲ. ಈ ಎರಡು ಮಿತಿಗಳನ್ನು ಮಾಹಿತಿ ಪತ್ರದ ಮೊದಲ ಪುಟದಲ್ಲೇ, ಕೊನೆಯ ದಿನಾಂಕದೊಂದಿಗೆ, ಮುದ್ರಿಸುತ್ತೇವೆ.

ದತ್ತಾಂಶ ಸಂಗ್ರಹ

ಅಂಟಿಸಿದ ಲಕೋಟೆಗಳು ಅದೇ ದಿನ ಮಾರ್ಗದರ್ಶಕರ ಕೋಣೆಯ ಕಬ್ಬಿಣದ ಬೀರುವಿಗೆ ಸೇರುತ್ತವೆ. ಕೀಲಿ ಎರಡು, ಒಂದು ಅವರಲ್ಲಿ, ಒಂದು ನನ್ನಲ್ಲಿ. ಟೈಪಿಂಗ್ ಹೊರಗಿನ ಅಂಗಡಿಗೆ ಕೊಡುವುದಿಲ್ಲ. ನಾವಿಬ್ಬರೂ ಪ್ರತ್ಯೇಕವಾಗಿ ಟೈಪ್ ಮಾಡಿ, ಎರಡು ಪಟ್ಟಿಗಳನ್ನು ಹೋಲಿಸಿ, ವ್ಯತ್ಯಾಸ ಕಂಡಲ್ಲಿ ಹಾಳೆ ನೋಡಿ ತಿದ್ದುತ್ತೇವೆ. ಕಡತ ಇರುವುದು ವೆರಾಕ್ರಿಪ್ಟ್ ತಂತ್ರಾಂಶದಿಂದ ಗೂಢಲಿಪೀಕರಿಸಿದ ಕೋಶದಲ್ಲಿ: ವಿಭಾಗದ ಒಂದು ಕಂಪ್ಯೂಟರಿನಲ್ಲಿ ಒಂದು ಪ್ರತಿ, ಬೀರುವಿನೊಳಗಿನ ಹಾರ್ಡ್ ಡಿಸ್ಕಿನಲ್ಲಿ ಇನ್ನೊಂದು. ಪಾಸ್‌ವರ್ಡ್ ಮರೆತರೆ ತೆರೆಯಲು ಬೇರೆ ಉಪಾಯವಿಲ್ಲದ ಕಾರಣ ಅದನ್ನು ಬರೆದು, ಮೊಹರು ಮಾಡಿದ ಲಕೋಟೆಯಲ್ಲಿ ವಿಭಾಗದ ಮುಖ್ಯಸ್ಥರ ಬಳಿ ಇಡುತ್ತೇವೆ. ಪೆನ್‌ಡ್ರೈವ್ ಬಳಸುವುದಿಲ್ಲ. ಹಾಳೆಗಳ ಫೋಟೊವನ್ನಂತೂ ಮೊಬೈಲಿನಲ್ಲಿ ತೆಗೆಯುವುದೇ ಇಲ್ಲ. ಫೋನು ತಾನಾಗಿ ಕ್ಲೌಡಿಗೆ ನಕಲು ಕಳಿಸಿಬಿಟ್ಟರೆ ಅಳಿಸಿದೆವೆಂದು ಹೇಳುವ ಧೈರ್ಯ ನಮಗಿರದು.

ಪ್ರಬಂಧದ ಕೋಷ್ಟಕಗಳಲ್ಲಿ ಐದಕ್ಕಿಂತ ಕಡಿಮೆ ಜನರಿರುವ ಗುಂಪನ್ನು ಬಿಡಿಯಾಗಿ ತೋರಿಸದೆ ಪಕ್ಕದ ಗುಂಪಿನೊಂದಿಗೆ ಸೇರಿಸುತ್ತೇವೆ. ಕಾಲೇಜುಗಳ ಹೆಸರಿನ ಬದಲು "ಅ", "ಆ" ಎಂದಿರುತ್ತದೆ. ಪ್ರಾಂಶುಪಾಲರು ಕೇಳಿದರೂ ಕಾಲೇಜುವಾರು ಮೂಲ ದತ್ತಾಂಶ ಕೊಡುವುದಿಲ್ಲವೆಂದು ಅವರಿಗೆ ಮೊದಲೇ ತಿಳಿಸಿದ್ದೇವೆ.

ಪದವಿ ಪ್ರದಾನವಾದ ಆರು ತಿಂಗಳೊಳಗೆ ಕಾಗದಗಳನ್ನು ನಾವೇ ನಿಂತು ಯಂತ್ರದಲ್ಲಿ ಚೂರು ಮಾಡಿಸುತ್ತೇವೆ. ರದ್ದಿಗೆ ಹಾಕಿದರೆ ಕಡಲೆಕಾಯಿ ಪೊಟ್ಟಣವಾಗಿ ಕಾಲೇಜಿನ ಗೇಟಿಗೇ ಮರಳಿ ಬಂದೀತು. ಗಣಕ ಕಡತ ಐದು ವರ್ಷ ಉಳಿದು, ಆಮೇಲೆ ಎರಡೂ ಪ್ರತಿಗಳು ಮತ್ತು ಪಾಸ್‌ವರ್ಡ್ ಇರುವ ಲಕೋಟೆ ಒಟ್ಟಿಗೆ ನಾಶವಾಗುತ್ತವೆ. ಇದರ ವರದಿಯನ್ನು ಸಮಿತಿಗೆ ಸಲ್ಲಿಸುತ್ತೇವೆ. ನಡುವೆ ಹಾಳೆಯೋ ಡಿಸ್ಕೋ ಕಳೆದುಹೋದರೆ ಮೂರು ಕೆಲಸದ ದಿನಗಳೊಳಗೆ ಸಮಿತಿಗೆ ಲಿಖಿತವಾಗಿ ತಿಳಿಸಿ, ಎರಡೂ ಕಾಲೇಜುಗಳ ಸೂಚನಾ ಫಲಕದಲ್ಲಿ ಪ್ರಕಟಿಸುತ್ತೇವೆ. ವಿದ್ಯಾರ್ಥಿಗಳ ಹೆಸರು ನಮ್ಮಲ್ಲಿಲ್ಲದ ಕಾರಣ ಒಬ್ಬೊಬ್ಬರಿಗೇ ತಿಳಿಸುವುದು ಆಗದು.

ತಿದ್ದಿದ ಪ್ರಶ್ನಾವಳಿ, ಎರಡೂ ಭಾಷೆಗಳ ಮಾಹಿತಿ ಪತ್ರ, ಸಹಾಯವಾಣಿ ಚೀಟಿ, ಪ್ರಾಂಶುಪಾಲರ ಒಪ್ಪಿಗೆ ಪತ್ರಗಳು ಲಗತ್ತಿನಲ್ಲಿವೆ. ಸಮಿತಿಯ ಅನುಮತಿ ಬರುವವರೆಗೆ ಯಾವ ತರಗತಿಗೂ ಹೋಗುವುದಿಲ್ಲ.

ವಂದನೆಗಳೊಂದಿಗೆ,

ತಮ್ಮ ವಿಶ್ವಾಸಿ,
(ಸಹಿ)
ಸಂಶೋಧನಾ ವಿದ್ಯಾರ್ಥಿನಿ, ಸಮಾಜಕಾರ್ಯ ಅಧ್ಯಯನ ವಿಭಾಗ

ಮಾರ್ಗದರ್ಶಕರ ಮೇಲುಸಹಿಯೊಂದಿಗೆ